ಆಸ್ಪತ್ರೆಯ ಮಂಚದ ಪಕ್ಕಕ್ಕೆ ಒಪ್ಪುವ ಪುಸ್ತಕ

ಅವ್ವನ ಹೊಟ್ಟೆಯ ಶಸ್ತ್ರಚಿಕಿತ್ಸೆಗಾಗಿ ಕಲಬುರಗಿಯಲ್ಲಿ ಒಂದು ವಾರ ಆಸ್ಪತ್ರೆಯಲ್ಲಿರಬೇಕು. ನಾವಿಬ್ಬರೂ ಓದಬಹುದಾದ, ಯಾವಾಗ ಬೇಕಾದರೂ ಮುಚ್ಚಿಡಬಹುದಾದ ಹಗುರ ಪುಸ್ತಕ ಯಾವುದು?

ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಒಯ್ಯಿರಿ. ಅದರ ಒಂದೊಂದು ಪ್ರಸಂಗವೂ ಬಿಡಿಯಾಗಿ ನಿಲ್ಲುತ್ತದೆ; ಆದರೆ ಮಲೆನಾಡಿನ ಅದೇ ಕಾಡು, ‘ಕಿವಿ’ ಎಂಬ ಅದೇ ನಾಯಿ ಮತ್ತೆ ಮತ್ತೆ ಬರುವುದರಿಂದ, ವೈದ್ಯರು ಬಂದಾಗಲೋ ಸಲಾಯಿನ್ ಬಾಟಲಿ ಮುಗಿದಾಗಲೋ ಮುಚ್ಚಿಟ್ಟ ಪುಸ್ತಕವನ್ನು ಮರುದಿನ ತೆರೆದರೂ ಹಿಂದಿನ ಪುಟಗಳನ್ನು ತಿರುವಬೇಕಾಗುವುದಿಲ್ಲ. ಅವರದೇ ‘ಕರ್ವಾಲೊ’ ನನಗೆ ಇನ್ನೂ ಇಷ್ಟ. ಆದರೆ ಹಾರುವ ಓತಿಯ ಹುಡುಕಾಟವು ಓದುಗರನ್ನು ಕೊನೆಯವರೆಗೂ ಎಳೆದೊಯ್ಯುವುದರಿಂದ, ಅದು ಯಾರೂ ನಡುವೆ ಕರೆಯದ ದೀರ್ಘ ವಿಮಾನಯಾನಕ್ಕೆ ಹೆಚ್ಚು ಸರಿಹೊಂದುತ್ತದೆ.

ಬೇರೆ ಪುಸ್ತಕ ಕೊಳ್ಳುವುದಾದರೆ, ಅಂಗಡಿಯಲ್ಲಿಯೇ ನಡುವಿನ ಯಾವುದಾದರೂ ಅಧ್ಯಾಯದ ಮೊದಲ ಪುಟವನ್ನು ಓದಿ ನೋಡಿ: ಯಾರು ಯಾರೆಂಬುದು ಅಲ್ಲಿಯೇ ತಿಳಿದರೆ ಅದು ಆಸ್ಪತ್ರೆಗೆ ಯೋಗ್ಯ. ಸೂಜಿ ಚುಚ್ಚಿದ ಕೈಯಲ್ಲಿ ದಪ್ಪ ರಟ್ಟಿನ ಪುಸ್ತಕ ನಿಲ್ಲುವುದಿಲ್ಲವಾದ್ದರಿಂದ ತೆಳುವಾದುದನ್ನೇ ಆರಿಸಿ. ಬೀಚಿಯವರ ನಗೆಬರಹಗಳು ಸದ್ಯಕ್ಕೆ ನಿಮಗೆ ಮಾತ್ರ ಇರಲಿ; ಹೊಟ್ಟೆಗೆ ಹೊಲಿಗೆ ಹಾಕಿರುವಾಗ ಜೋರಾಗಿ ನಕ್ಕರೆ ಬಹಳ ನೋಯುತ್ತದೆ.