ಡ್ರೇನ್ ಬಾಟಲಿಯಲ್ಲಿ ಬಂದ ಬಿಳಿ ದ್ರವ ಮತ್ತು ಎಣ್ಣೆ ಬಂದ್ ಮಾಡುವ ಪಥ್ಯ

ಪ್ರಶ್ನೆ: ನಮ್ಮ ತಂದೆಯವರಿಗೆ ಬಾಯಿ ಕ್ಯಾನ್ಸರ್ ಆಪರೇಷನ್ ಆಗೇತ್ರಿ, ಎಡಗಡೆ ಕುತ್ತಿಗಿ ಗಂಟೂ ತಗದಾರ. ಮೂಗಿನ ನಳಗಿಯೊಳಗ ಹಾಲು ಹಾಕಾಕ ಶುರು ಮಾಡಿದ ಮ್ಯಾಲ ಡ್ರೇನ್ ಬಾಟಲಿಯೊಳಗ ಹಾಲಿನಂಥದ್ದ ಬರಾಕತ್ತೇತಿ. ಕೀವು ಆಗೇತೇನು? ಎಣ್ಣಿ, ತುಪ್ಪ ಬಂದ್ ಮಾಡ್ರಿ ಅಂದಾರ. ಕೊಬ್ಬರಿ ಎಣ್ಣಿ ನಡೀತೇತೇನ್ರಿ?

ನಾನು ಹುಬ್ಬಳ್ಳಿಯಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ಕುತ್ತಿಗೆಯ ಆಪರೇಷನ್ ಆದವರ ಪಥ್ಯ ನೋಡಿಕೊಳ್ಳುವುದೂ ನನ್ನ ಕೆಲಸವೇ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಇದು ಕೀವಿಗಿಂತ ಕೈಲ್ ಆಗಿರುವ ಸಾಧ್ಯತೆ ಹೆಚ್ಚು. ಕೈಲ್ ಅಂದರೆ ಕೊಬ್ಬು ಬೆರೆತ ದುಗ್ಧರಸ. ಖಚಿತ ಮಾಡಿಕೊಳ್ಳಲು ಬಾಟಲಿಯ ದ್ರವವನ್ನು ಲ್ಯಾಬಿಗೆ ಕಳಿಸಿ ಟ್ರೈಗ್ಲಿಸರೈಡ್ ನೋಡುತ್ತಾರೆ. 100 ಮಿಗ್ರಾಂ/ಡಿಎಲ್‌ಗಿಂತ ಮೇಲಿದ್ದರೆ ಬಹುತೇಕ ಕೈಲೇ. ಕೀವಾದರೆ ಸಾಮಾನ್ಯವಾಗಿ ವಾಸನೆ, ಜ್ವರ, ಗಾಯದ ಸುತ್ತ ಕೆಂಪು, ನೋವು ಇರುತ್ತವೆ. ಕೈಲ್‌ಗೆ ವಾಸನೆ ಇರುವುದಿಲ್ಲ.

ಇದು ಎಲ್ಲಿಂದ ಬಂತು ಅನ್ನುವುದು ಗೊತ್ತಾದರೆ ಪಥ್ಯದ ಅರ್ಥವೂ ಆಗುತ್ತದೆ. ಸಣ್ಣ ರಕ್ತನಾಳಗಳಿಂದ ನೀರು, ಪ್ರೋಟೀನು ದಿನವಿಡೀ ಅಂಗಾಂಶಕ್ಕೆ ಜಿನುಗುತ್ತಿರುತ್ತವೆ. ಹಾಗೆ ಹೊರಬಿದ್ದುದನ್ನು ದುಗ್ಧನಾಳಗಳು ಹೀರಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಇಲ್ಲದಿದ್ದರೆ ಮೈ ಬಾತುಕೊಳ್ಳುತ್ತದೆ. ಕಾಲು, ಹೊಟ್ಟೆ, ಎದೆಯ ಎಡಭಾಗದಿಂದ ಬರುವುದೆಲ್ಲ ಎದೆಯೊಳಗಿನ ಒಂದೇ ದೊಡ್ಡ ನಾಳ ಸೇರುತ್ತದೆ. ಆ ನಾಳ ಎಡಗಡೆ ಕುತ್ತಿಗೆಯ ಬುಡದಲ್ಲಿ ಅಭಿಧಮನಿಗೆ ಕೂಡುತ್ತದೆ. ದಿನಕ್ಕೆ ಸುಮಾರು 2ರಿಂದ 4 ಲೀಟರ್ ಅಲ್ಲಿ ಹರಿಯುತ್ತದೆ. ನಾಳದ ಗೋಡೆ ತೆಳ್ಳಗೆ, ಉಪವಾಸದಲ್ಲಿ ಅದರೊಳಗಿನ ರಸಕ್ಕೆ ಹೆಚ್ಚು ಬಣ್ಣವಿಲ್ಲ, ಸರ್ಜನ್ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಗಂಟು ತೆಗೆಯುವ ಜಾಗವೂ ಅದರ ಪಕ್ಕದಲ್ಲೇ. ಹಾಗಾಗಿ ನುರಿತ ಕೈಯಲ್ಲೂ ಒಮ್ಮೊಮ್ಮೆ ಅದಕ್ಕೆ ಗಾಯವಾಗುತ್ತದೆ.

ನಿಮ್ಮ ತಂದೆಯವರಿಗೆ ಹಾಲು ಶುರುವಾದ ಮೇಲೆಯೇ ಬಣ್ಣ ಬದಲಾದದ್ದು ಇಲ್ಲಿ ಮುಖ್ಯ ಸುಳಿವು. ಉಪವಾಸದಲ್ಲಿ ಈ ನಾಳದ ರಸ ತಿಳಿ ಹಳದಿ ನೀರಿನಂತಿರುತ್ತದೆ, ಸೋರುತ್ತಿದ್ದರೂ ಗೊತ್ತಾಗುವುದಿಲ್ಲ. ಹಾಲಿನ ಕೊಬ್ಬು ಕರುಳು ಸೇರಿದಾಗ ಅಲ್ಲಿನ ಕೋಶಗಳು ಅದನ್ನು ಪುಟ್ಟ ಹನಿಗಳಾಗಿ ಕಟ್ಟುತ್ತವೆ. ಆ ಹನಿಗಳು ರಕ್ತದ ಲೋಮನಾಳದೊಳಗೆ ಹೋಗಲಾರದಷ್ಟು ದೊಡ್ಡವು, ಅದಕ್ಕೇ ದುಗ್ಧನಾಳ ಹಿಡಿಯುತ್ತವೆ. ಬಾಟಲಿಯೊಳಗೆ ಬಿಳಿ ಕಾಣುವುದು ಅವೇ. ಊಟವಾದ ಮೇಲೆ ಹರಿವೂ ಹೆಚ್ಚುತ್ತದೆ. ಆದರೆ ಬಾಯಿ ಆಪರೇಷನ್ ಆದವರಲ್ಲಿ ಒಳಗಿನ ಹೊಲಿಗೆ ಬಿಟ್ಟು ಜೊಲ್ಲು ಸೋರುವುದೂ ಉಂಟು, ಲ್ಯಾಬ್ ಪರೀಕ್ಷೆ ಬಿಡಬೇಡಿ.

ಈಗ ಎಣ್ಣೆಯ ಮಾತು. ನಾವು ತಿನ್ನುವ ಬಹುತೇಕ ಕೊಬ್ಬು ಉದ್ದ ಸರಪಳಿಯದು, ಅದು ಈ ನಾಳದ ಮೂಲಕವೇ ಹೋಗಬೇಕು. ಆದರೆ 8 ಮತ್ತು 10 ಇಂಗಾಲದ ಕೊಬ್ಬಿನಾಮ್ಲಗಳು ಬಹುಪಾಲು ನೇರ ಯಕೃತ್ತಿನ ರಕ್ತನಾಳಕ್ಕೆ ಇಳಿಯುತ್ತವೆ. ಎಂಸಿಟಿ ಎಣ್ಣೆ ಅಂತ ಮಾರುವುದು ಅವುಗಳದ್ದೇ. ಕೊಬ್ಬರಿ ಎಣ್ಣೆಯಲ್ಲಿ ಆ ಎರಡೂ ಸೇರಿ ಸುಮಾರು 15% ಮಾತ್ರ. ಅರ್ಧದಷ್ಟು ಲಾರಿಕ್ ಆಮ್ಲ, ಅದರ ಗಣನೀಯ ಪಾಲು ದುಗ್ಧನಾಳಕ್ಕೇ ಹೋಗುತ್ತದೆ. ಹಾಗಾಗಿ ಕೊಬ್ಬರಿ ಎಣ್ಣೆ ಬೇಡ. ಎಂಸಿಟಿ ಎಣ್ಣೆಯನ್ನು ಡಾಕ್ಟರು ಬರೆದಷ್ಟೇ ಕೊಡಿ, ಹೆಚ್ಚಾದರೆ ಭೇದಿಯಾಗುತ್ತದೆ.

ನಳಿಕೆಯಲ್ಲಿ ಈಗ ಕೆನೆ ತೆಗೆದ ಹಾಲಿನ ಪುಡಿ, ಬೇಳೆ ಕಟ್ಟು, ಗಂಜಿ ನಡೆಯುತ್ತವೆ. ಬಾಯಿಂದ ಊಟ ಶುರುವಾದ ಮೇಲೆ ನಮ್ಮ ಕಡೆಯವರು ಎಡವುವುದು ಹಿಂಡಿಯಲ್ಲಿ. ತುಪ್ಪ ಬಿಟ್ಟೆವು, ಒಗ್ಗರಣೆ ಬಿಟ್ಟೆವು ಅಂತ ಹೇಳಿ ಮೆತ್ತಗಿನ ಅನ್ನಕ್ಕೆ ಎರಡು ಚಮಚ ಶೇಂಗಾ ಹಿಂಡಿ ಕಲಸಿರುತ್ತಾರೆ. ಶೇಂಗಾದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ಗುರೆಳ್ಳು, ಅಗಸಿ ಹಿಂಡಿಗಳಲ್ಲೂ ಎಣ್ಣೆ ಬಹಳ. ಅವನ್ನು ಪೂರ್ತಿ ಬಿಡಬೇಕು. ಅನ್ನ, ಎಣ್ಣೆಯಿಲ್ಲದ ಬೇಳೆ, ಕೆನೆ ತೆಗೆದ ಮಜ್ಜಿಗೆ, ಮೊಟ್ಟೆಯ ಬಿಳಿ ಸಾಕಷ್ಟು ಕೊಡಿ, ಏಕೆಂದರೆ ಸೋರುವ ರಸದಲ್ಲಿ ಪ್ರೋಟೀನು ಬಹಳ ಹೋಗುತ್ತದೆ.

ಅದರ ಜೊತೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೂ ಹೋಗುತ್ತವೆ. ಇವು ರಕ್ತದಿಂದ ದುಗ್ಧನಾಳಗಳ ದಾರಿಯಲ್ಲಿರುವ ಗಂಟುಗಳಿಗೆ ಹೋಗಿ, ಅಲ್ಲಿ ಬಂದು ಸೇರಿದ ರೋಗಾಣುಗಳ ತುಣುಕುಗಳನ್ನು ಪರೀಕ್ಷಿಸಿ, ಇದೇ ನಾಳದ ಮೂಲಕ ರಕ್ತಕ್ಕೆ ಮರಳುತ್ತವೆ. ಮರಳುವ ದಾರಿಯಲ್ಲಿ ತೂತಿದ್ದರೆ ದಿನ ಕಳೆದಂತೆ ಅವುಗಳ ಸಂಖ್ಯೆ ಇಳಿದು ಸೋಂಕು ಬೇಗ ಹತ್ತುತ್ತದೆ. ಸೋರಿಕೆಯನ್ನು ವಾರಗಟ್ಟಲೆ ಹಾಗೇ ಬಿಡಬಾರದು ಅನ್ನುವುದು ಇದಕ್ಕೇ.

ಪ್ರತಿ ದಿನ ಒಂದೇ ಹೊತ್ತಿಗೆ ಬಾಟಲಿಯ ಅಳತೆ ಬರೆದಿಡಿ. ದಿನಕ್ಕೆ 500 ಎಂಎಲ್ ಒಳಗಿದ್ದರೆ ಪಥ್ಯ, ಬಿಗಿ ಪಟ್ಟಿ, ಬೇಕಾದರೆ ರಸದ ಹರಿವು ತಗ್ಗಿಸುವ ಆಕ್ಟ್ರಿಯೋಟೈಡ್ ಇಂಜೆಕ್ಷನ್, ಇಷ್ಟರಲ್ಲೇ ಬಹಳಷ್ಟು ನಿಲ್ಲುತ್ತವೆ. ಲೀಟರ್ ಸಮೀಪ ಬಂದರೆ, ಅಥವಾ ಪಥ್ಯದಲ್ಲಿದ್ದೂ ಕೆಲವು ದಿನ ಇಳಿಯದಿದ್ದರೆ, ಮತ್ತೆ ತೆರೆದು ನಾಳ ಕಟ್ಟುವುದೋ ಒಳಗಿಂದ ಮುಚ್ಚುವುದೋ ಎಂದು ಸರ್ಜನ್ ತೀರ್ಮಾನಿಸುತ್ತಾರೆ. ಬಹಳ ಸುಸ್ತು, ಮಂಕು, ಮೂತ್ರ ಕಡಿಮೆ, ಉಸಿರಾಟದ ತೊಂದರೆ ಕಂಡರೆ ಬೆಳಗಿನ ರೌಂಡ್ಸಿಗೆ ಕಾಯದೆ ಆಗಲೇ ಸಿಸ್ಟರ್‌ಗೆ ಹೇಳಿ.

ಬಿಳಿ ಬಣ್ಣ ಹೋದ ಮಾತ್ರಕ್ಕೆ ನಾಳ ಕೂಡಿತು ಅಂತಲ್ಲ, ಕೊಬ್ಬು ನಿಲ್ಲಿಸಿದ್ದಕ್ಕೂ ತಿಳಿಯಾಗಿರುತ್ತದೆ. ಅಳತೆಯೂ ಚೆನ್ನಾಗಿ ಇಳಿದ ಮೇಲೆ ಕೊಬ್ಬಿರುವ ಸಾದಾ ಆಹಾರ ಕೊಟ್ಟು ನೋಡುತ್ತಾರೆ. ಆಗಲೂ ಬಿಳಿ ಬಾರದಿದ್ದರೆ, ಹರಿವೂ ಹೆಚ್ಚದಿದ್ದರೆ ಡ್ರೇನ್ ತೆಗೆಯುತ್ತಾರೆ.