ಒಂದು ಕೀವಿನ ವರದಿಯ ಸುತ್ತ ಆಂಟಿಬಯಾಟಿಕ್ ವರ್ಗಗಳು

ಪ್ರಶ್ನೆ: ಫಾರ್ಮಕಾಲಜಿ ವೈವಾ ಮುಂದಿನ ವಾರವಿದೆ. ಆಂಟಿಬಯಾಟಿಕ್‌ಗಳ ಕಾರ್ಯವಿಧಾನ, ವ್ಯಾಪ್ತಿ, ನಿರೋಧ ಮೂರನ್ನೂ ಬೇರೆ ಬೇರೆ ಪಟ್ಟಿ ಮಾಡಿ ಓದಿದ್ದೇನೆ. ಪರೀಕ್ಷಕರು ಒಂದರಿಂದ ಇನ್ನೊಂದಕ್ಕೆ ದಾಟಿದ ಕೂಡಲೇ ತಡವರಿಸುತ್ತೇನೆ. ಬೇಗ ಮನನ ಮಾಡಲು ಹೇಗೆ ಜೋಡಿಸಿಕೊಳ್ಳಲಿ?
– ಎಂಬಿಬಿಎಸ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಪ್ರತಿ ಔಷಧಕ್ಕೂ ಎರಡು ಪ್ರಶ್ನೆ ಕೇಳಿಕೊಳ್ಳಿ: ಅದು ಹಿಡಿಯುವ ಗುರಿ ಯಾವುದು, ಆ ಗುರಿಯವರೆಗೆ ಅದು ಹೇಗೆ ತಲುಪುತ್ತದೆ? ತಲುಪಲಾಗದ ಜೀವಾಣುಗಳು ಅದರ ವ್ಯಾಪ್ತಿಯಿಂದ ಹೊರಗುಳಿಯುತ್ತವೆ. ತಲುಪುವ ದಾರಿಯಲ್ಲಾಗಲಿ ಗುರಿಯಲ್ಲಾಗಲಿ ಜೀವಾಣು ಮಾಡಿಕೊಂಡ ಬದಲಾವಣೆಯೇ ನಿರೋಧ. ಹೀಗೆ ಓದಿದರೆ ಮೂರು ಪಟ್ಟಿಗಳ ಅಗತ್ಯ ಬೀಳುವುದಿಲ್ಲ.

ಪರೀಕ್ಷಕರು ಕೀವಿನ ಕಲ್ಚರ್ ವರದಿಯೊಂದನ್ನು ನಿಮ್ಮ ಮುಂದಿಟ್ಟರೆಂದುಕೊಳ್ಳಿ. ಬೆಳೆದದ್ದು ಸ್ಟಾಫಿಲೊಕಾಕಸ್ ಆರಿಯಸ್. ಪೆನಿಸಿಲಿನ್‌ಗೆ ನಿರೋಧವಿದೆ, 30 ಮೈಕ್ರೊಗ್ರಾಂ ಸೆಫಾಕ್ಸಿಟಿನ್ ಡಿಸ್ಕಿನ ಸುತ್ತಲಿನ ವಲಯ 17 ಮಿ.ಮೀ., ಎರಿಥ್ರೊಮೈಸಿನ್‌ಗೆ ನಿರೋಧವಿದೆ, ಡಿ-ಟೆಸ್ಟ್ ಪಾಸಿಟಿವ್, ವ್ಯಾಂಕೊಮೈಸಿನ್‌ಗೆ ಸ್ಪಂದಿಸುತ್ತದೆ.

ಪೆನಿಸಿಲಿನ್‌ನಿಂದ ಆರಂಭಿಸೋಣ. ಕೋಶಭಿತ್ತಿಯ ಪೆಪ್ಟಿಡೊಗ್ಲೈಕನ್ ಎಳೆಗಳನ್ನು ಅಡ್ಡಡ್ಡ ಬೆಸೆಯುವ ಕಿಣ್ವಗಳಿಗೆ ಪೆನಿಸಿಲಿನ್ ಬೈಂಡಿಂಗ್ ಪ್ರೊಟೀನ್‌ಗಳೆಂದು ಹೆಸರು. ಬೆಸೆಯಬೇಕಾದ ಎಳೆಯ ತುದಿಯಲ್ಲಿರುವ ಡಿ-ಅಲನಿನ್ ಜೋಡಿಯನ್ನು ಬೀಟಾ-ಲ್ಯಾಕ್ಟಮ್‌ಗಳು ಹೋಲುವುದರಿಂದ ಕಿಣ್ವ ಅವುಗಳಿಗೇ ಅಂಟಿಕೊಂಡು ನಿಷ್ಕ್ರಿಯವಾಗುತ್ತದೆ. ಸ್ಟಾಫಿಲೊಕಾಕಸ್ ಇದಕ್ಕೆ ಒಡ್ಡಿದ ಮೊದಲ ತಡೆ ಬೀಟಾ-ಲ್ಯಾಕ್ಟಮ್ ಉಂಗುರವನ್ನು ಒಡೆಯುವ ಪೆನಿಸಿಲಿನೇಸ್. ಅದನ್ನು ಮೀರಲು ಎರಡು ಉಪಾಯಗಳಿವೆ: ದಪ್ಪ ಪಾರ್ಶ್ವಸರಪಳಿಯಿಂದ ಆ ಕಿಣ್ವವನ್ನು ಹತ್ತಿರ ಬಿಡದ ಕ್ಲಾಕ್ಸಾಸಿಲಿನ್, ಅಥವಾ ಅಮಾಕ್ಸಿಸಿಲಿನ್ ಜೊತೆಗೆ ಪೆನಿಸಿಲಿನೇಸನ್ನು ಕಟ್ಟಿಹಾಕುವ ಕ್ಲಾವುಲನೇಟ್.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ವರದಿಯ ಎರಡನೇ ಸಾಲಿನಲ್ಲಿ. ಸೆಫಾಕ್ಸಿಟಿನ್ ವಲಯ 21 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದು ಎಂಆರ್‌ಎಸ್‌ಎ ಎಂದರ್ಥ. ಇಲ್ಲಿ ಔಷಧ ಒಡೆದುಹೋಗಿಲ್ಲ, ಗುರಿಯೇ ಬದಲಾಗಿದೆ. ಮೆಕ್-ಎ ಜೀನಿನಿಂದ ತಯಾರಾಗುವ ಪಿಬಿಪಿ-2ಎ ಎಂಬ ಕಿಣ್ವಕ್ಕೆ ಸಾಮಾನ್ಯ ಬೀಟಾ-ಲ್ಯಾಕ್ಟಮ್‌ಗಳು ಸರಿಯಾಗಿ ಅಂಟುವುದಿಲ್ಲ. ಆದ್ದರಿಂದ ಕ್ಲಾವುಲನೇಟ್ ಸೇರಿಸಿ ಪ್ರಯೋಜನವಿಲ್ಲ. ಮೆರೊಪೆನೆಮ್‌ನಂಥ ವಿಶಾಲ ವ್ಯಾಪ್ತಿಯ ಔಷಧವೂ ಇಲ್ಲಿ ಸೋಲುತ್ತದೆ. ಪಿಬಿಪಿ-2ಎಗೂ ಅಂಟಬಲ್ಲ ಸೆಫ್ಟರೊಲಿನ್ ಇದಕ್ಕೆ ಅಪವಾದ. ಮೆಥಿಸಿಲಿನ್ ಬಳಕೆಗೆ ಬಂದ ಸ್ವಲ್ಪ ಕಾಲದಲ್ಲೇ, 1961ರಲ್ಲಿ, ಬ್ರಿಟನ್ನಿನಿಂದ ಇಂಥ ತಳಿಯ ವರದಿ ಬಂದಿತ್ತು.

ಹಾಗಾದರೆ ವ್ಯಾಂಕೊಮೈಸಿನ್ ಏಕೆ ಕೆಲಸ ಮಾಡುತ್ತದೆ? ಅದು ಕಿಣ್ವದ ಗೊಡವೆಗೇ ಹೋಗದೆ ಎಳೆಯ ತುದಿಯ ಡಿ-ಅಲನಿನ್ ಜೋಡಿಯನ್ನು ನೇರವಾಗಿ ಹಿಡಿಯುತ್ತದೆ. ಕಿಣ್ವ ಹಳೆಯದಾದರೂ ಹೊಸದಾದರೂ ಬೆಸೆಯಲು ತುದಿಯೇ ಸಿಗುವುದಿಲ್ಲ. ಅದರ ಅಣು ಬಹಳ ದೊಡ್ಡದು, ಗ್ರಾಂ-ನೆಗೆಟಿವ್ ಜೀವಾಣುಗಳ ಹೊರಪೊರೆಯ ಪೋರಿನ್ ರಂಧ್ರಗಳಲ್ಲಿ ತೂರಲಾರದು. ಹಾಗಾಗಿ ಅದರ ವ್ಯಾಪ್ತಿ ಗ್ರಾಂ-ಪಾಸಿಟಿವ್‌ಗಷ್ಟೇ ಸೀಮಿತ. ಎಂಟರೊಕಾಕಸ್‌ಗಳು ತುದಿಯ ಡಿ-ಅಲನಿನ್ ಬದಲು ಡಿ-ಲ್ಯಾಕ್ಟೇಟ್ ಇಟ್ಟುಕೊಂಡಾಗ ಹಿಡಿತ ತಪ್ಪುತ್ತದೆ, ಅದೇ ನಿರೋಧ. ಎರಡೂ ಪ್ರಶ್ನೆಗಳಿಗೆ ಇಷ್ಟು ನೇರವಾಗಿ ಉತ್ತರ ಕೊಡುವ ಔಷಧ ಇನ್ನೊಂದಿಲ್ಲವೆಂದು ನನ್ನ ಭಾವನೆ, ಇದನ್ನು ಮೊದಲು ಗಟ್ಟಿಮಾಡಿಕೊಳ್ಳಿ. ಆದರೆ ಮೆಥಿಸಿಲಿನ್‌ಗೆ ಸ್ಪಂದಿಸುವ ಸ್ಟಾಫಿಲೊಕಾಕಸ್‌ಗೂ ವ್ಯಾಂಕೊಮೈಸಿನ್ ಎನ್ನಬೇಡಿ. ಅಲ್ಲಿ ಕ್ಲಾಕ್ಸಾಸಿಲಿನ್ ಅಥವಾ ಸೆಫಜೊಲಿನ್ ಹೆಚ್ಚು ಪರಿಣಾಮಕಾರಿ.

ಇನ್ನು ಡಿ-ಟೆಸ್ಟ್. ಎರಿಥ್ರೊಮೈಸಿನ್ ಮತ್ತು ಕ್ಲಿಂಡಮೈಸಿನ್ ಬೇರೆ ವರ್ಗದವಾದರೂ ಎರಡೂ ರೈಬೊಸೋಮಿನ 50ಎಸ್ ಭಾಗದಲ್ಲಿ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಅಂಟುತ್ತವೆ. ಆ ಜಾಗಕ್ಕೆ ಮೀಥೈಲ್ ಗುಂಪು ಸೇರಿಸುವ ಅರ್ಮ್ ಜೀನನ್ನು ಎರಿಥ್ರೊಮೈಸಿನ್ ಎಚ್ಚರಿಸಬಲ್ಲದು, ಕ್ಲಿಂಡಮೈಸಿನ್ ಅಷ್ಟಾಗಿ ಎಚ್ಚರಿಸದು. ಎರಡೂ ಡಿಸ್ಕುಗಳನ್ನು 15ರಿಂದ 26 ಮಿ.ಮೀ. ಅಂತರದಲ್ಲಿಟ್ಟಾಗ ಕ್ಲಿಂಡಮೈಸಿನ್‌ನ ದುಂಡು ವಲಯ ಎರಿಥ್ರೊಮೈಸಿನ್ ಕಡೆಗೆ ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದಂತಾದರೆ, ಕ್ಲಿಂಡಮೈಸಿನ್ ನಿರೋಧಕ ಎಂದೇ ವರದಿ ಮಾಡಬೇಕು. ವಲಯ ದುಂಡಗೇ ಉಳಿದರೆ ಎರಿಥ್ರೊಮೈಸಿನನ್ನು ಪಂಪು ಹೊರದಬ್ಬುತ್ತಿರುವ ಸಾಧ್ಯತೆ ಹೆಚ್ಚು. ಆ ಪಂಪು ಕ್ಲಿಂಡಮೈಸಿನನ್ನು ಮುಟ್ಟದ ಕಾರಣ ಅದನ್ನು ಬಳಸಬಹುದು.

ಉಳಿದ ವರ್ಗಗಳಿಗೂ ಇದೇ ಕ್ರಮ ಸಾಕು. ಅಮೈನೊಗ್ಲೈಕೊಸೈಡ್‌ಗಳ ಗುರಿ 30ಎಸ್, ಆದರೆ ಒಳಗೆ ಸಾಗಲು ಆಮ್ಲಜನಕ ಅವಲಂಬಿತ ವ್ಯವಸ್ಥೆ ಬೇಕು. ಆದ್ದರಿಂದ ಅವಾಯವೀಯ ಜೀವಾಣುಗಳ ಮೇಲೆ ಅವು ನಡೆಯವು. ಮೆಟ್ರೊನಿಡಜೋಲ್ ಇದಕ್ಕೆ ತದ್ವಿರುದ್ಧ, ಅದು ಅವಾಯವೀಯ ಜೀವಾಣುವಿನೊಳಗೆ ಅಪಕರ್ಷಣೆಗೊಂಡ ಮೇಲಷ್ಟೇ ಡಿಎನ್‌ಎಯನ್ನು ಕೆಡಿಸುತ್ತದೆ. ಕರುಳು ತೂತಾದ ರೋಗಿಗೆ ಜೆಂಟಮೈಸಿನ್ ಕೊಟ್ಟವರು ಮೆಟ್ರೊನಿಡಜೋಲನ್ನೂ ಏಕೆ ಸೇರಿಸುತ್ತಾರೆಂದು ಪರೀಕ್ಷಕರು ಕೇಳಿದರೆ ಇಷ್ಟನ್ನೇ ಹೇಳಿ.