ಕಡಿತವಾದ ಪಿಎಫ್ ಖಾತೆಗೆ ಬಂದಿಲ್ಲ: ನಗದಾಗಿ ಪಡೆಯಬಹುದೇ?

ಪ್ರಶ್ನೆ: "ಕಳೆದ ಆರು ತಿಂಗಳಿಂದ ನನ್ನ ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದಾರೆ, ಆದರೆ ಪಾಸ್‌ಬುಕ್‌ನಲ್ಲಿ ಒಂದು ರೂಪಾಯಿಯೂ ಬಿದ್ದಿಲ್ಲ. ಈ ತಿಂಗಳು ಕೆಲಸ ಬಿಡುತ್ತಿದ್ದೇನೆ. ಎರಡೂ ಪಾಲನ್ನು ಅಂತಿಮ ಲೆಕ್ಕದಲ್ಲಿ ನಗದಾಗಿ ಕೊಡುತ್ತೇವೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ, ಅಥವಾ ಅವರು ಕಟ್ಟುವವರೆಗೆ ಕಾಯಲೇ?"

2024ರ ಜೂನ್ ಕೊನೆಯಲ್ಲಿ ನಾನು ಕೆಲಸ ಬಿಟ್ಟಾಗ ನನ್ನ ಮುಂದೆಯೂ ಇದೇ ಮಾತನ್ನು ಇಟ್ಟಿದ್ದರು. ನಾನು ನಗದನ್ನೇ ಪಡೆದೆ. ಹಣದ ಲೆಕ್ಕದಲ್ಲಿ ಆಗ ಒಂದು ಪೈಸೆಯ ವ್ಯತ್ಯಾಸವೂ ಇರಲಿಲ್ಲ, ಆದರೂ ಆ ನಗದಿನಿಂದಾಗಿ ನನ್ನ ಪಿಂಚಣಿಯ ಹಕ್ಕು ಹೋಯಿತು. ಅದು ಹೇಗೆಂದು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕೆಲಸ ಬಿಡುವ ಹೊತ್ತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ನನ್ನ ಮೂಲ ವೇತನ 15,000 ರೂಪಾಯಿ. ಅದರ ಶೇಕಡಾ 12, ಅಂದರೆ 1,800 ರೂಪಾಯಿ, ಪ್ರತಿ ತಿಂಗಳು ಸಂಬಳದಲ್ಲಿ ಕಡಿತವಾಗುತ್ತಿತ್ತು. ಮಾಲೀಕರು ತಮ್ಮ ಕಡೆಯಿಂದ ಅಷ್ಟೇ ಮೊತ್ತವನ್ನು ಸೇರಿಸಿ ಕಟ್ಟಬೇಕು. ಪಾಸ್‌ಬುಕ್ ತೆರೆದರೆ ಇದು ಮೂರು ಅಂಕಣಗಳಲ್ಲಿ ಕಾಣುತ್ತದೆ: ನೌಕರನ ಪಾಲು 1,800, ಮಾಲೀಕರ ಪಾಲು 550, ಪಿಂಚಣಿ 1,250. ಮಾಲೀಕರ 1,800ರ ಬಹುಭಾಗ ನಿಮ್ಮ ಪಿಎಫ್ ಮೊತ್ತಕ್ಕೆ ಸೇರದೆ 1995ರ ನೌಕರರ ಪಿಂಚಣಿ ಯೋಜನೆಗೆ ಹೋಗುತ್ತದೆ ಎಂಬುದನ್ನು ನೆನಪಿಡಿ. ನನ್ನ ಕಥೆಯೆಲ್ಲ ಆ 1,250 ರೂಪಾಯಿಯದೇ.

2014ರ ಅಕ್ಟೋಬರ್‌ನಿಂದ 2023ರ ನವೆಂಬರ್‌ವರೆಗೆ ಎಲ್ಲ ತಿಂಗಳೂ ಸರಿಯಾಗಿ ಜಮೆಯಾಗಿತ್ತು. ಡಿಸೆಂಬರ್‌ನಿಂದ ನಿಂತಿತು. ಸಂಬಳದ ಚೀಟಿಯಲ್ಲಿ ಮಾತ್ರ 1,800ರ ಕಡಿತ ಎಂದಿನಂತೆ ಮುಂದುವರಿಯಿತು. ಒಂದು ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕೆಂಬುದು ನಿಯಮ. ಹಿಂದೆ ಇದ್ದ ಐದು ದಿನಗಳ ರಿಯಾಯಿತಿಯನ್ನೂ 2016ರಲ್ಲಿ ತೆಗೆದುಹಾಕಲಾಗಿದೆ. ಲೆಕ್ಕಪತ್ರ ವಿಭಾಗದಲ್ಲಿ ವಿಚಾರಿಸಿದಾಗ ಒಂದು ಚಲನ್ ಪ್ರತಿಯನ್ನು ತೋರಿಸಿ, "ನೋಡಿ, ಆಗಿದೆ, ಪಾಸ್‌ಬುಕ್‌ನಲ್ಲಿ ಬರುವುದು ತಡವಾಗುತ್ತದೆ" ಎಂದರು. ಅದರಲ್ಲಿ ಚಲನ್‌ನ ಗುರುತಾದ ಟಿಆರ್‌ಆರ್‌ಎನ್ ಸಂಖ್ಯೆಯೂ ಇತ್ತು. ಆದರೆ ನೌಕರರ ಮಾಸಿಕ ವಿವರಪಟ್ಟಿಯನ್ನು ಪಿಎಫ್ ನೋಡಿಕೊಳ್ಳುವ ಸಂಸ್ಥೆಯಾದ ಇಪಿಎಫ್‌ಒದ ಜಾಲತಾಣಕ್ಕೆ ಏರಿಸಿದ ಕೂಡಲೇ ಆ ಸಂಖ್ಯೆ ಹುಟ್ಟುತ್ತದೆ. ಹಣ ಪಾವತಿಯಾಗುವುದು ಅದರ ನಂತರದ ಹೆಜ್ಜೆ. ಚಲನ್ ಸಿದ್ಧವಾಗಿದೆ ಎಂದ ಮಾತ್ರಕ್ಕೆ ಹಣ ಕಟ್ಟಲಾಗಿದೆ ಎಂದಾಗುವುದಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಇಪಿಎಫ್‌ಒ ಜಾಲತಾಣದ `Establishment Search` ಪುಟದಲ್ಲಿ ನಿಮ್ಮ ಸಂಸ್ಥೆಯ ಹೆಸರು ಅಥವಾ ಕೋಡ್ ಕೊಟ್ಟರೆ, ಯಾವ ತಿಂಗಳ ವಂತಿಗೆ ಯಾವ ದಿನ ಜಮೆಯಾಯಿತು, ಎಷ್ಟು ಮೊತ್ತ, ಎಷ್ಟು ನೌಕರರಿಗೆ ಎಂಬ ವಿವರ ಸಿಗುತ್ತದೆ. ಅಲ್ಲಿ ಆ ತಿಂಗಳೇ ಇಲ್ಲದಿದ್ದರೆ ಸಂಸ್ಥೆ ಯಾರಿಗೂ ಕಟ್ಟಿಲ್ಲ ಎಂದರ್ಥ. ತಿಂಗಳು ಇದ್ದು ನೌಕರರ ಸಂಖ್ಯೆ ಮೊದಲಿಗಿಂತ ಕಡಿಮೆಯಾಗಿದ್ದರೆ, ಕೆಲವರ ಹೆಸರನ್ನು ಪಟ್ಟಿಯಿಂದ ಬಿಟ್ಟು ಕಟ್ಟಿರುವ ಸಾಧ್ಯತೆಯಿದೆ. ಎರಡೂ ಬೇರೆ ಬೇರೆ ಕಾಯಿಲೆಗಳು, ಆದ್ದರಿಂದ ದೂರು ಬರೆಯುವ ಮೊದಲು ಯಾವುದು ನಿಮ್ಮದೆಂದು ತಿಳಿದಿರಬೇಕು. ನನ್ನದು ಮೊದಲನೆಯದಾಗಿತ್ತು.

ಜೂನ್‌ನಲ್ಲಿ ರಾಜೀನಾಮೆ ಕೊಟ್ಟೆ. ಸ್ವಂತ ವ್ಯಾಪಾರ ಮಾಡುವ ನಿರ್ಧಾರವಾಗಿತ್ತು, ಮತ್ತೆ ನೌಕರಿಗೆ ಸೇರುವ ಯೋಚನೆ ಇರಲಿಲ್ಲ. ಮಾಲೀಕರು ಕರೆದು, ಏಳು ತಿಂಗಳ ಎರಡೂ ಪಾಲು, ಅಂದರೆ 25,200 ರೂಪಾಯಿಯನ್ನು ಅಂತಿಮ ಲೆಕ್ಕದಲ್ಲಿ ಸೇರಿಸಿ ಕೊಟ್ಟರು. "ಪಿಎಫ್ ಸೇರಿದಂತೆ ಯಾವ ಬಾಕಿಯೂ ಇಲ್ಲ" ಎಂಬ ಪತ್ರಕ್ಕೆ ನಾನು ಸಹಿ ಹಾಕಿದೆ. ಅವರು ಉದಾರಿಗಳೆಂದೇ ಅಂದುಕೊಂಡೆ. ಅವರ ಲೆಕ್ಕಾಚಾರ ಬೇರೆಯಿತ್ತೆಂದು ಆಮೇಲೆ ಗೊತ್ತಾಯಿತು. ತಡವಾಗಿ ನಿಧಿಗೆ ಕಟ್ಟಿದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ ಬೀಳುತ್ತದೆ, ಅದರ ಮೇಲೆ ದಂಡ ಬೇರೆ. ನೌಕರನ ಸಂಬಳದಿಂದ ಹಿಡಿದ ಪಾಲನ್ನು ಗಡುವಿನೊಳಗೆ ಕಟ್ಟದಿದ್ದರೆ ಆದಾಯ ತೆರಿಗೆಯಲ್ಲಿ ಆ ಮೊತ್ತವನ್ನು ವೆಚ್ಚವೆಂದು ತೋರಿಸುವಂತಿಲ್ಲ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದೆಲ್ಲದಕ್ಕಿಂತ, ಬಿಟ್ಟು ಹೋಗುವವನ ಕೈಗೆ ಅಸಲನ್ನಷ್ಟೇ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ಅಗ್ಗ.

ಈಗ ನನಗೆ ನಷ್ಟ ತಂದ ಹೆಜ್ಜೆಯ ವಿಷಯ. ಪಿಎಫ್ ಹಣ ತೆಗೆಯಬೇಕಾದರೆ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿರಬೇಕು. ಮಾಲೀಕರು ಹಾಕದಿದ್ದರೆ ನೌಕರನೇ ತನ್ನ ಖಾಯಂ ಪಿಎಫ್ ಸಂಖ್ಯೆಯಾದ ಯುಎಎನ್ ಮೂಲಕ ಇಪಿಎಫ್‌ಒ ಜಾಲತಾಣದಲ್ಲಿ ಹಾಕಬಹುದು. ಆದರೆ ಹಾಗೆ ಹಾಕುವಾಗ, ಕೊನೆಯ ವಂತಿಗೆ ಬಂದ ತಿಂಗಳಿನೊಳಗಿನ ದಿನಾಂಕವನ್ನು ಮಾತ್ರ ಆ ಜಾಲತಾಣ ಒಪ್ಪುತ್ತಿತ್ತು. ನಾನು ಕೆಲಸ ಬಿಟ್ಟದ್ದು 2024ರ ಜೂನ್‌ನಲ್ಲಿ. ಪರದೆ ಒಪ್ಪಿದ್ದು 2023ರ ನವೆಂಬರ್ ಅನ್ನು. ಹಣ ಹೇಗೂ ಕೈಗೆ ಬಂದಿದೆಯಲ್ಲ, ಏಳು ತಿಂಗಳ ದಾಖಲೆ ಇಲ್ಲದಿದ್ದರೇನು ಎಂದು ನವೆಂಬರ್ 30 ಎಂದೇ ನಮೂದಿಸಿದೆ. ನಂತರ ಪಿಎಫ್‌ಗೆ ನಮೂನೆ 19ನ್ನೂ, ಪಿಂಚಣಿ ಭಾಗವನ್ನು ಹಿಂಪಡೆಯಲು ನಮೂನೆ 10-ಸಿಯನ್ನೂ ಸಲ್ಲಿಸಿದೆ. ಎರಡೂ ಮಂಜೂರಾದವು.

ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಹತ್ತಕ್ಕಿಂತ ಕಡಿಮೆಯಿದ್ದವರಿಗೆ ಒಂದು ಗಂಟಾಗಿ ಹಿಂಪಡೆಯುವ ಅವಕಾಶ, ಇಲ್ಲವೇ ಮುಂದಿನ ನೌಕರಿಗೆ ಸೇವೆಯನ್ನು ಒಯ್ಯಲು ಯೋಜನಾ ಪ್ರಮಾಣಪತ್ರ. ಸೇವೆಯನ್ನು ಪೂರ್ಣ ವರ್ಷಗಳಿಗೆ ಸರಿಹೊಂದಿಸುವಾಗ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಭಾಗವನ್ನು ಒಂದು ವರ್ಷವೆಂದು ಎಣಿಸುತ್ತಾರೆ. ಖಾತೆಯ ಪ್ರಕಾರ ನನ್ನ ಸೇವೆ 9 ವರ್ಷ 2 ತಿಂಗಳು, ಅದು ಒಂಬತ್ತಕ್ಕೇ ಇಳಿಯಿತು. ಕಟ್ಟದೇ ಬಿಟ್ಟ ಏಳು ತಿಂಗಳು ಸೇರಿದ್ದರೆ 9 ವರ್ಷ 9 ತಿಂಗಳಾಗಿ ಹತ್ತಕ್ಕೆ ಏರುತ್ತಿತ್ತು. ಆಗ 58ನೇ ವಯಸ್ಸಿನಿಂದ ಪಿಂಚಣಿ: 15,000ವನ್ನು 10ರಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 2,143 ರೂಪಾಯಿ, ಬದುಕಿರುವವರೆಗೆ, ನಂತರ ಹೆಂಡತಿಗೆ ಕುಟುಂಬ ಪಿಂಚಣಿ. ಆ ಏಳು ತಿಂಗಳಿಗೆ ಪಿಂಚಣಿ ನಿಧಿಗೆ ಹೋಗಬೇಕಿದ್ದ ಮೊತ್ತ 8,750 ರೂಪಾಯಿ ಮಾತ್ರ, ಮತ್ತು ಅದು ನಾನು ಸಹಿ ಹಾಕಿ ಪಡೆದ ನಗದಿನೊಳಗೇ ಇತ್ತು.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಕಾನೂನು ನನ್ನ ಪರವಾಗಿಯೇ ಇತ್ತು ಎಂಬುದು. ಪಿಂಚಣಿ ಯೋಜನೆಯು ಸೇವಾವಧಿಯನ್ನು ಲೆಕ್ಕ ಹಾಕುವುದು ವಂತಿಗೆ "ಬಂದ ಅಥವಾ ಬರಬೇಕಾದ" ಅವಧಿಯೆಂದು. ಮಾಲೀಕ ಕಟ್ಟದಿದ್ದರೂ ಆ ತಿಂಗಳುಗಳು ನೌಕರನವೇ. ನಾನು ದೂರು ಕೊಟ್ಟು, ಸಂಬಳದ ಚೀಟಿಗಳನ್ನು ಮುಂದಿಟ್ಟು, ಹಿಂಪಡೆಯುವ ಅರ್ಜಿ ಹಾಕದೆ ಇದ್ದಿದ್ದರೆ ಆ ಅವಧಿಯನ್ನು ಕೇಳುವ ಹಕ್ಕು ಉಳಿಯುತ್ತಿತ್ತು. ಕೆಲಸ ಬಿಟ್ಟ ದಿನಾಂಕವನ್ನು ನವೆಂಬರ್ ಎಂದು ನನ್ನ ಕೈಯಾರೆ ಬರೆದು, ಪಿಂಚಣಿ ಮೊತ್ತವನ್ನೂ ತೆಗೆದುಕೊಂಡಾಗ, ಆ ಏಳು ತಿಂಗಳು ನಾನು ಅಲ್ಲಿ ಕೆಲಸವನ್ನೇ ಮಾಡಿಲ್ಲವೆಂದು ನಾನೇ ಬರೆದುಕೊಟ್ಟಂತಾಯಿತು. ಇದೇ ದಾಖಲೆಯ ಇನ್ನೊಂದು ಅಪಾಯವನ್ನೂ ಯೋಚಿಸಿ: ನೌಕರಿಯಲ್ಲಿರುವಾಗ ಸತ್ತವರ ಕುಟುಂಬಕ್ಕೆ ಠೇವಣಿ ಜೋಡಿತ ವಿಮೆಯಿಂದ 7 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ವಂತಿಗೆ ನಿಂತ ತಿಂಗಳುಗಳಲ್ಲಿ ಅಂಥದ್ದೇನಾದರೂ ಆದರೆ, ಆ ವ್ಯಕ್ತಿ ಕೆಲಸದಲ್ಲಿದ್ದನೆಂದು ಸಾಬೀತುಪಡಿಸುವ ಹೊರೆ ಮನೆಯವರ ಮೇಲೆ ಬೀಳುತ್ತದೆ.

ಆದ್ದರಿಂದ "ನಗದೋ, ಕಾಯುವುದೋ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಡಿತವಾದ ಹಣ ಮಾಲೀಕರು ಬೇಕಾದಂತೆ ಹಿಂತಿರುಗಿಸಬಹುದಾದ ಸಾಲವಲ್ಲ. ಸಂಬಳದಿಂದ ಹಿಡಿದು ನಿಧಿಗೆ ಕಟ್ಟದಿರುವುದನ್ನು ಭಾರತೀಯ ದಂಡ ಸಂಹಿತೆಯೂ, ಈಗ ಅದರ ಜಾಗದಲ್ಲಿರುವ ನ್ಯಾಯ ಸಂಹಿತೆಯ 316ನೇ ವಿಧಿಯೂ ನಂಬಿಕೆ ದ್ರೋಹವೆಂದೇ ಪರಿಗಣಿಸುತ್ತವೆ. ನಿಮ್ಮ ಕೈಗೆ ಕೊಟ್ಟರೆ ನಿಧಿಗೆ ಇರುವ ಬಾಕಿ ತೀರುವುದಿಲ್ಲ, ಸೇವಾವಧಿಯೂ ದಾಖಲಾಗುವುದಿಲ್ಲ. ಇದನ್ನು ಮಾಲೀಕರಿಗೂ ಹೇಳಿ. ಅನೇಕರಿಗೆ ಇದು ನಿಜಕ್ಕೂ ಗೊತ್ತಿರುವುದಿಲ್ಲ, ಇನ್ನು ಕೆಲವರು ಗೊತ್ತಿಲ್ಲದವರಂತೆ ನಟಿಸುತ್ತಾರೆ. ಸುಮ್ಮನೆ ಕಾಯುವುದೂ ಪರಿಹಾರವಲ್ಲ, ಏಕೆಂದರೆ ಕೆಲಸ ಬಿಟ್ಟವನ ಬಾಕಿಯನ್ನು ಯಾರೂ ಮೊದಲು ಕಟ್ಟುವುದಿಲ್ಲ.

ನಾನಾಗಿದ್ದರೆ ಈಗ ಹೀಗೆ ಮಾಡುತ್ತಿದ್ದೆ. ಸಂಬಳ, ರಜೆಯ ಹಣ ಮತ್ತು ಇತರ ಬಾಕಿಗಳಿಗೆ ಸಹಿ ಹಾಕುತ್ತಿದ್ದೆ, ಆದರೆ ಪತ್ರದಲ್ಲಿ ಪಿಎಫ್ ಎಂಬ ಪದವಿದ್ದರೆ ಅದನ್ನು ಹೊಡೆದುಹಾಕದೆ ಸಹಿ ಮಾಡುತ್ತಿರಲಿಲ್ಲ. ಕಚೇರಿಯ ಮೇಲ್ ಖಾತೆ ಮುಚ್ಚುವ ಮೊದಲು ಆರೂ ತಿಂಗಳ ಸಂಬಳದ ಚೀಟಿಗಳನ್ನು ಉಳಿಸಿಕೊಳ್ಳುತ್ತಿದ್ದೆ. ಕಡಿತವಾಗಿದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಪುರಾವೆ ಇಲ್ಲ. ಅದರ ಜೊತೆಗೆ ಸಂಬಳ ಬಂದ ಬ್ಯಾಂಕ್ ವಿವರವನ್ನೂ ರಾಜೀನಾಮೆ ಅಂಗೀಕಾರದ ಪತ್ರವನ್ನೂ ಇಟ್ಟುಕೊಂಡು, ಇಪಿಎಫ್‌ಒದ `EPFiGMS` ದೂರು ತಾಣದಲ್ಲಿ ಯುಎಎನ್ ನೀಡಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ತಿಂಗಳಿಗೆ ಎಷ್ಟು ಕಡಿತ, ಪಾಸ್‌ಬುಕ್‌ನಲ್ಲಿ ಕೊನೆಯ ನಮೂದು ಯಾವುದು ಎಂಬುದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೆ. "ನನ್ನ ಕಂಪನಿ ಮೋಸ ಮಾಡುತ್ತಿದೆ" ಎಂಬ ಒಂದು ಸಾಲಿನ ದೂರಿಗೆ ಅಷ್ಟೇ ಚಿಕ್ಕ ಉತ್ತರ ಬರುತ್ತದೆ. ಕಚೇರಿ ವಿಚಾರಣೆ ನಡೆಸಿ ಬಾಕಿಯನ್ನು ನಿಗದಿಪಡಿಸಬಹುದು, ಕಟ್ಟದಿದ್ದರೆ ಸಂಸ್ಥೆಯ ಬ್ಯಾಂಕ್ ಖಾತೆಯಿಂದಲೇ ವಸೂಲು ಮಾಡಬಹುದು. ಅದಕ್ಕೆ ಸಮಯ ಹಿಡಿಯುತ್ತದೆ ಎಂಬುದು ನಿಜ, ಆದರೆ ಅಷ್ಟರಲ್ಲಿ ನೀವು ಬೇರೆ ಕಡೆ ಕೆಲಸಕ್ಕೆ ಸೇರಲು ಏನೂ ಅಡ್ಡಿಯಿಲ್ಲ. ಯುಎಎನ್ ಅದೇ ಇರುತ್ತದೆ, ಹಳೆಯ ಬಾಕಿ ಹಳೆಯ ಸದಸ್ಯ ಖಾತೆಗೇ ಬರುತ್ತದೆ. ಒಂದು ವೇಳೆ ಮಾಲೀಕರು ನಿಮ್ಮಿಂದ ಎರಡನೇ ಬಾರಿ ಪಾಲು ಕೇಳಿದರೆ ಕೊಡಬೇಡಿ: ತಮ್ಮ ಪಾಲನ್ನೂ ವಿಳಂಬದ ಬಡ್ಡಿಯನ್ನೂ ದಂಡವನ್ನೂ ನೌಕರನ ಸಂಬಳದಿಂದ ವಸೂಲು ಮಾಡುವಂತಿಲ್ಲ.

ಆ ಆರು ತಿಂಗಳು ಪಾಸ್‌ಬುಕ್‌ನಲ್ಲಿ `Cont. For Due-Month` ಎಂಬ ಸಾಲುಗಳಾಗಿ, ಪಿಂಚಣಿ ಅಂಕಣದಲ್ಲಿ ಮೊತ್ತವೂ ಇರುವಂತೆ ಕಾಣುವವರೆಗೆ, ಕೆಲಸ ಬಿಟ್ಟ ದಿನಾಂಕವನ್ನು ನೀವಾಗಿ ಹಾಕಬೇಡಿ, ನಮೂನೆ 10-ಸಿಯಲ್ಲಿ ಪಿಂಚಣಿ ಹಣವನ್ನು ಹಿಂಪಡೆಯಬೇಡಿ.